ಗುರುವಂದನೆ ಆಯ್ತು, ಎಲ್ಲರೂ 'ಸೂಪರ್' ಅಂದರು. ನಿಜ ಹೇಳಿಸೋದು ಹೇಗೆ?

ಕೊನೆಬೆಂಚು

ನಮ್ಮದು ತಾಲ್ಲೂಕು ಊರಿನ ಸರ್ಕಾರಿ ಪ್ರೌಢಶಾಲೆ. ಎಸ್ಸೆಸ್ಸೆಲ್ಸಿ ಮುಗಿಸಿ 25 ವರ್ಷ ಆಯಿತು ಅಂತ ಎರಡು ತಿಂಗಳ ಹಿಂದೆ ಸ್ನೇಹ ಸಮ್ಮಿಲನ ಮತ್ತು ಗುರುವಂದನೆ ಇಟ್ಟುಕೊಂಡಿದ್ದೆವು. ವಾಟ್ಸಾಪ್ ಗುಂಪಿನಲ್ಲಿ 94 ಜನ ಇದ್ದೇವೆ. 58 ಜನ ಬಂದರು. ತಲೆಗೆ 1200 ರೂಪಾಯಿ. 11 ಜನ ಮೇಷ್ಟ್ರು, ಟೀಚರುಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಸಮಿತಿಯಲ್ಲಿ ನಾವು ಏಳು ಜನ.

ಮಾರನೇ ದಿನ ಗುಂಪಿನಲ್ಲಿ "ಕಾರ್ಯಕ್ರಮ ಹೇಗಿತ್ತು? ಮನಸ್ಸು ಬಿಚ್ಚಿ ಹೇಳಿ" ಅಂತ ಹಾಕಿದೆ. 40ಕ್ಕೂ ಜಾಸ್ತಿ ಉತ್ತರ ಬಂತು. ಸೂಪರ್, ಅದ್ಭುತ, ಚಪ್ಪಾಳೆ, ಮುಗಿದ ಕೈ. ನಾವೂ ಬೀಗಿದೆವು. ಹೋದ ವಾರ ಸಂತೆಯಲ್ಲಿ ನಮ್ಮ ಬ್ಯಾಚಿನವಳೊಬ್ಬಳು ಸಿಕ್ಕಳು. ಮಾತಿಗೆ ಮಾತು ಬಂದು, "ನಾವು ಐದಾರು ಜನ ಊಟ ಮಾಡದೇ ಹೋದ್ವಿ, ನಿಂಗೆ ಗೊತ್ತೇ ಇಲ್ವಾ?" ಅಂದಳು. ಗೊತ್ತಿರಲಿಲ್ಲ. ಗುಂಪಿನಲ್ಲಿ ಅವಳೂ ಚಪ್ಪಾಳೆ ಹಾಕಿದ್ದಳು.

ಮನೆಗೆ ಬಂದು 17 ಪ್ರಶ್ನೆಗಳ ಗೂಗಲ್ ಫಾರ್ಮ್ ಮಾಡಿ ಕಳಿಸಿದೆ. ಬಂದದ್ದು 6 ಉತ್ತರ. ಅದರಲ್ಲಿ 5 ಸಮಿತಿಯವರದೇ. ಡಿಸೆಂಬರಿನಲ್ಲಿ ಮತ್ತೆ ಸೇರೋಣ ಅಂತಿದ್ದೇವೆ. ಜನ ನಿಜ ಹೇಳುವ ಹಾಗೆ ಕೇಳೋದು ಹೇಗೆ? ಯಾರಾದರೂ ಮಾಡಿ ನೋಡಿದ್ದೀರಾ?

ಲೆಕ್ಕದಮೇಷ್ಟ್ರು

17 ಪ್ರಶ್ನೆ ಯಾರು ಸ್ವಾಮಿ ತುಂಬುತ್ತಾರೆ? ಸುಲಭ ದಾರಿ ಇದೆ. ಹೆಸರು ಕೇಳಬೇಡಿ. ಊಟ, ವೇದಿಕೆ, ಸಮಯ, ಮೂರಕ್ಕೂ ಹತ್ತಕ್ಕೆ ಎಷ್ಟು ಅಂಕ ಅಂತ ಕೇಳಿ. ಸರಾಸರಿ ತೆಗೆಯಿರಿ. ಆರಕ್ಕಿಂತ ಕಡಿಮೆ ಬಂದದ್ದನ್ನು ಸರಿಮಾಡಿ. ಹೆಸರಿಲ್ಲ ಅಂದಮೇಲೆ ಎಲ್ಲರೂ ನಿಜ ಹೇಳುತ್ತಾರೆ.

ಅಡಿಕೆತೋಟ

ಐದಾರು ಜನ ಊಟ ಮಾಡದೇ ಹೋದರು ಅಂದರೆ ಅಡುಗೆಯವರದ್ದೇ ತಪ್ಪು. ನಮ್ಮ ಗೃಹಪ್ರವೇಶದಲ್ಲೂ ಹೀಗೇ ಆಯಿತು. 300 ಜನಕ್ಕೆ ಹೇಳಿದ್ದೆವು, 220ನೇ ಎಲೆಗೆ ಹೋಳಿಗೆ ಖಾಲಿ. ಮುಂಗಡ ಕೊಡೋವಾಗಲೇ ಎಲೆ ಲೆಕ್ಕ ಬರೆಸಿಕೊಳ್ಳಬೇಕು. ನಿಮ್ಮದು ಯಾವ ಕಡೆ ಊರು? ನಮ್ಮಲ್ಲಿ ಒಳ್ಳೆ ಅಡುಗೆ ಭಟ್ಟರಿದ್ದಾರೆ.

ಕೊನೆಬೆಂಚು

ಅಡಿಕೆತೋಟ ಅವರೇ, ಊಟ ಖಾಲಿ ಆಗಿರಲಿಲ್ಲ. ಉಳಿದೇ ಇತ್ತು. ಅವರು ಅದಕ್ಕೆ ಮುಂಚೆಯೇ ಹೊರಟಿದ್ದರು.

ಗೋರಂಟಿ

ನಾನು 14 ವರ್ಷದಿಂದ ಮಹಿಳಾ ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಪ್ರತಿ ತರಬೇತಿ ಆದಮೇಲೂ ಅಭಿಪ್ರಾಯ ಕೇಳಬೇಕು. ಮೊದಲ ಮೂರು ವರ್ಷ ನನಗೂ "ತುಂಬಾ ಚೆನ್ನಾಗಿತ್ತು ಮೇಡಂ" ಬಿಟ್ಟು ಬೇರೇನೂ ಸಿಗಲಿಲ್ಲ. ಹಾಗಾಗಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. 6 ಉತ್ತರದಲ್ಲಿ 5 ಸಮಿತಿಯವರದು ಅಂತ ನಿಮಗೆ ಹೇಗೆ ಗೊತ್ತಾಯಿತು?

ಕೊನೆಬೆಂಚು

ಹೆಸರು ಕೇಳಿದ್ದೆನಲ್ಲ. ಮೊದಲನೇ ಪ್ರಶ್ನೆಯೇ ಹೆಸರು, ಎರಡನೇದು ಫೋನ್ ನಂಬರ್.

ಓ.

ಗೋರಂಟಿ

ಅಲ್ವಾ? ಬೇಜಾರಾಗಬೇಡಿ, ಎಲ್ಲರೂ ಮಾಡುವ ಕೆಲಸವೇ ಅದು.

ಈಗ ಪ್ರಶ್ನೆಗಳ ವಿಷಯ. "ಹೇಗಿತ್ತು?" ಅನ್ನೋದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ. ಮದುವೆ ಮನೆಯಲ್ಲಿ "ಊಟ ಆಯ್ತಾ?" ಅಂದ ಹಾಗೆ. ಅದಕ್ಕೊಂದು ರೂಢಿಯ ಉತ್ತರ ಇದೆ, ಅದನ್ನು ಹೇಳುತ್ತಾರೆ. ಮೇಲಾಗಿ ಕೇಳುತ್ತಿರುವವರು ಓಡಾಡಿ ಬೆವರು ಸುರಿಸಿದ ನೀವೇ. ನಿಮ್ಮ ಮುಖ ನೋಡಿಕೊಂಡು, 93 ಜನರ ಎದುರಿಗೆ, "ಬೋರ್ ಆಯಿತು" ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಮೊದಲ ನಾಲ್ಕು ಜನ ಚಪ್ಪಾಳೆ ಹಾಕಿದ ಮೇಲೆ ಐದನೆಯವರು ಬೇರೆ ಬರೆಯುವುದಿಲ್ಲ.

ಅದಕ್ಕೇ "ಚೆನ್ನಾಗಿತ್ತು" ಅಂತ ಉತ್ತರ ಕೊಡೋಕೇ ಆಗದ ಹಾಗೆ ಪ್ರಶ್ನೆ ಇರಬೇಕು. ನಿಮ್ಮ ಸಂದರ್ಭಕ್ಕೆ ನಾನಾದರೆ ಈ ಮೂರು ಕೇಳುತ್ತಿದ್ದೆ:

ಅವತ್ತು ಯಾವ ಹೊತ್ತಿನಲ್ಲಿ "ಇನ್ನು ಸಾಕು, ಹೊರಡೋಣ" ಅನ್ನಿಸಿತು? ಆಗ ಏನು ನಡೀತಾ ಇತ್ತು?

ಮುಂದಿನ ಸಲ ಒಂದನ್ನು ಬಿಡಲೇಬೇಕು ಅಂದರೆ ಯಾವುದನ್ನು ಬಿಡೋಣ?

ಡಿಸೆಂಬರಿಗೆ ನಿಮಗೆ ಬರೋಕೆ ಆಗದೇ ಹೋದರೆ ಅದು ಯಾವುದರಿಂದ ಆಗಿರುತ್ತೆ?

ಮೊದಲನೇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಗಂಟೆ ಹೇಳಿದರೆ ಸಾಕು. ಎಂಥಾ ಒಳ್ಳೆ ಕಾರ್ಯಕ್ರಮದಲ್ಲೂ ಒಂದು ಸಲ ಗಡಿಯಾರ ನೋಡಿರುತ್ತೇವೆ, ಅದನ್ನು ಒಪ್ಪಿಕೊಳ್ಳೋದು ಅವಮಾನ ಅಲ್ಲ. ಎರಡನೇದರಲ್ಲಿ "ಬಿಡಲೇಬೇಕು" ಅಂತ ನೀವೇ ಹೇಳಿಬಿಟ್ಟಿದ್ದೀರಿ, ಆ ಪಾಪ ಉತ್ತರಿಸುವವರ ತಲೆಗೆ ಬರೋದಿಲ್ಲ. ಮೂರನೇದು ಬಾರದೇ ಇದ್ದ 36 ಜನಕ್ಕೂ ಸೇರಿಸಿ. "ಯಾಕೆ ಬರಲಿಲ್ಲ?" ಅಂತ ಮಾತ್ರ ಕೇಳಬೇಡಿ. "ಯಾಕೆ" ಅಂದ ಕೂಡಲೇ ಜನ ಸಬೂಬು ಹುಡುಕುತ್ತಾರೆ, ಮಗುವಿಗೆ ಜ್ವರ ಅಂತಾರೆ.

ಲೆಕ್ಕದಮೇಷ್ಟ್ರು ಹೇಳಿದ್ದರಲ್ಲಿ ಹೆಸರು ಬೇಡ ಅನ್ನೋದು ಸರಿ. ಅಂಕ ನನಗೆ ಕೈಕೊಟ್ಟಿದೆ. ನಮ್ಮವರು ಏಳು, ಎಂಟಕ್ಕಿಂತ ಕೆಳಗೆ ಇಳಿಯೋದಿಲ್ಲ, ಸಂಕೋಚ. ಸರಾಸರಿ ಏಳೂವರೆ ಬಂತು ಅಂದುಕೊಳ್ಳಿ. ಅದರಿಂದ ಸೋಮವಾರ ಬೆಳಗ್ಗೆ ನೀವು ಏನು ಬದಲಾಯಿಸುತ್ತೀರಿ?

ಲೆಕ್ಕದಮೇಷ್ಟ್ರು

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಪ್ರತಿ ವರ್ಷ ಅದೇ ಕಾರ್ಯಕ್ರಮ ಮಾಡುವವರಿಗೆ ಅಂಕ ಬೇಕು. ಹೋದ ವರ್ಷ 8, ಈ ವರ್ಷ 6.5 ಅಂದರೆ ಏನೋ ಎಡವಟ್ಟಾಗಿದೆ ಅಂತ ತಿಳಿಯುತ್ತದೆ. ಬರೆದ ಉತ್ತರದಲ್ಲಿ ಹಾಗೆ ಹೋಲಿಸೋದು ಕಷ್ಟ.

ಗೋರಂಟಿ

ಅದು ನಿಜ. ಇವರದು ಒಂದೇ ಸಲದ್ದು, ಹೋಲಿಸೋಕೆ ಹಿಂದಿನದು ಇಲ್ಲ. ಹಾಗಾಗಿ ಈಗ ಬೇಡ ಅಂದೆ.

ಹಳೆರೇಡಿಯೊ

ನನಗೆ ಈ ಇಡೀ ವಿಚಾರವೇ ಇಷ್ಟ ಆಗಲಿಲ್ಲ. 25 ವರ್ಷದ ಮೇಲೆ ಒಂದು ದಿನ ಸೇರಿದ್ದೀರಿ. ಏಳು ಜನ ಕೆಲಸ ಬಿಟ್ಟು ಓಡಾಡಿದ್ದಾರೆ. ಹೆಸರಿಲ್ಲದ ಚೀಟಿಯಲ್ಲಿ ಕೊಂಕು ತೆಗೆಯೋಕೆ ಅವಕಾಶ ಕೊಟ್ಟರೆ ಸ್ನೇಹ ಉಳಿಯುತ್ತಾ? ನಮ್ಮ ಬಡಾವಣೆ ಸಂಘದಲ್ಲಿ ಹೀಗೆ ಚೀಟಿ ಹಾಕಿಸಿದರು. ಒಬ್ಬ ಪುಣ್ಯಾತ್ಮ ಖಜಾಂಚಿಯ ಬಗ್ಗೆ ಏನೇನೋ ಬರೆದ. ಯಾರು ಬರೆದದ್ದು ಅಂತ ಅಕ್ಷರ ನೋಡಿ ಹುಡುಕೋಕೆ ಕೂತರು. ಇವತ್ತಿಗೂ ಎರಡು ಮನೆಯವರು ಮಾತಾಡುತ್ತಿಲ್ಲ.

ಗೋರಂಟಿ

ಅಣ್ಣಾ, ನಿಮ್ಮ ಮಾತು ತಳ್ಳಿಹಾಕೋ ಹಾಗಿಲ್ಲ. ಆದರೆ ಅಲ್ಲಿ ಕೆಟ್ಟದ್ದು ಎರಡು ಕಡೆ. "ನಿಮ್ಮ ಅಭಿಪ್ರಾಯ ಬರೆಯಿರಿ" ಅಂತ ಬಯಲು ಬಿಟ್ಟರೆ ಜನ ಮನುಷ್ಯರ ಬಗ್ಗೆ ಬರೆಯುತ್ತಾರೆ. "ಯಾವುದನ್ನು ಬಿಡೋಣ" ಅಂತ ಕೇಳಿದರೆ ಕೆಲಸದ ಬಗ್ಗೆ ಬರೆಯುತ್ತಾರೆ. ಆಮೇಲೆ ಆ ಚೀಟಿ ಸಮಿತಿಯ ಕೈಗೇ ಹೋಯಿತು, ಅದು ತಪ್ಪು. ಸಮಿತಿಯಲ್ಲಿ ಇಲ್ಲದ, ಎಲ್ಲರಿಗೂ ಬೇಕಾದ ಒಬ್ಬರು ಓದಬೇಕು. ಅವರು ಒಟ್ಟು ಮಾಡಿ ಸಮಿತಿಗೆ ಹೇಳಬೇಕು. ಮೂಲ ಚೀಟಿ ಯಾರಿಗೂ ತೋರಿಸಬಾರದು.

ಅಷ್ಟು ಮಾಡಿದರೂ ಒಂದೆರಡು ಕುಹಕ ಬಂದೇ ಬರುತ್ತೆ. ಅದಕ್ಕೆ ಮದ್ದು ನನ್ನ ಹತ್ತಿರ ಇಲ್ಲ.

ಡಲ್ಲಾಸ್‌ಹುಡುಗ

ನಮ್ಮ ಕನ್ನಡ ಕೂಟದಲ್ಲಿ ಯುಗಾದಿ ಊಟದ ಸಾಲಿನಲ್ಲೇ ಕ್ಯೂಆರ್ ಅಂಟಿಸುತ್ತೇವೆ. ಜನ ಹೇಗೂ ತಟ್ಟೆ ಹಿಡಿದು ನಿಂತಿರುತ್ತಾರೆ. ಎರಡೇ ಪ್ರಶ್ನೆ. ಮನೆಗೆ ಹೋದಮೇಲೆ ಕೇಳಿದರೆ ಮೂರರಲ್ಲಿ ಒಬ್ಬರೂ ಉತ್ತರಿಸೋದಿಲ್ಲ. ಒಂದೇ ತೊಂದರೆ: ಸಾಲಿನಲ್ಲಿ ಹಸಿದು ನಿಂತವರು ಬರೀ ಸಾಲಿನ ಬಗ್ಗೆ ಬೈಯುತ್ತಾರೆ 😄 ಈಗ ಕೈತೊಳೆಯುವ ಜಾಗಕ್ಕೆ ಬದಲಾಯಿಸಿದ್ದೇವೆ.

ಕೊನೆಬೆಂಚು

ವಾಟ್ಸಾಪ್ ಪೋಲ್ ಹಾಕಿಬಿಟ್ಟರೆ ಆಗಲ್ವಾ? ಒಂದು ಒತ್ತು, ಮುಗೀತು.

ಸಂಜೆಬಸ್ಸು

ಆಗೋದಿಲ್ಲ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಿಮ್ಮ ಸಂತೆಯ ಗೆಳತಿಯಂಥವಳೇ ನಾನು, ಬೇರೆ ಊರು, ಬೇರೆ ಬ್ಯಾಚು. ನಮ್ಮ ಗುಂಪಿನಲ್ಲಿ ಪೋಲ್ ಹಾಕಿದರು. ಅದರಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತಿತ್ತು. ನಾನು "ಸಮಯ ಪಾಲನೆ ಸುಧಾರಿಸಬೇಕು" ಅನ್ನೋದಕ್ಕೆ ಒತ್ತಿದೆ. ಹತ್ತು ನಿಮಿಷಕ್ಕೆ ಒಬ್ಬ ಫೋನ್ ಮಾಡಿ "ಏನಮ್ಮಾ, ನಮ್ಮ ಮೇಲೆ ಸಿಟ್ಟಾ?" ಅಂದ. ನಗುತ್ತಲೇ ಕೇಳಿದ. ನಾನು ವೋಟು ತೆಗೆದುಹಾಕಿದೆ.

ನಾವು ಯಾಕೆ ಊಟ ಬಿಟ್ಟು ಹೊರಡುತ್ತೇವೆ ಅಂತ ಕೇಳಿ. ಬೆಳಗ್ಗೆ ಆರಕ್ಕೆ ಎದ್ದು, ಮನೆಯವರಿಗೆ ತಿಂಡಿ ಮಾಡಿಟ್ಟು, ಎರಡು ಬಸ್ಸು ಹಿಡಿದು ಹತ್ತಕ್ಕೆ ಬಂದಿರುತ್ತೇವೆ. ಕಾರ್ಯಕ್ರಮ ಶುರುವಾಗೋದು ಹನ್ನೊಂದೂವರೆಗೆ. ಹನ್ನೊಂದು ಜನ ಮೇಷ್ಟ್ರಿಗೆ ಶಾಲು ಹೊದಿಸಿ, ಪ್ರತಿಯೊಬ್ಬರೂ ಮಾತಾಡಿ ಮುಗಿಸೋ ಹೊತ್ತಿಗೆ ಎರಡೂವರೆ. ಮೂರು ಗಂಟೆ ಬಸ್ಸು ತಪ್ಪಿದರೆ ಮುಂದಿನದು ಕತ್ತಲಿಗೆ. ಇದನ್ನು ಗುಂಪಿನಲ್ಲಿ ಬರೆದರೆ ಗುರುಗಳಿಗೆ ಮರ್ಯಾದೆ ಕೊಡಲ್ಲ ಅಂತಾರೆ. ಅದಕ್ಕೇ ಚಪ್ಪಾಳೆ ಹಾಕುತ್ತೇವೆ.

ನಿಮ್ಮ 17 ಪ್ರಶ್ನೆಯಲ್ಲಿ ಬಸ್ಸಿನ ಪ್ರಶ್ನೆ ಇತ್ತಾ?

ಕೊನೆಬೆಂಚು

ಇರಲಿಲ್ಲ. ವೇದಿಕೆ ಅಲಂಕಾರದ ಬಗ್ಗೆ ಮೂರು ಇತ್ತು.

ಗೋರಂಟಿ

ಸಂಜೆಬಸ್ಸು ಹೇಳಿದ್ದನ್ನು ಇನ್ನೊಂದು ಸಲ ಓದಿ. ಏನೇನು ತಪ್ಪಾಗಿದೆ ಅಂತ ನಮಗೆ ಮೊದಲೇ ಗೊತ್ತಿದ್ದರೆ ಪಟ್ಟಿ ಕೊಟ್ಟು ಟಿಕ್ ಮಾಡಿಸಬಹುದು. ಗೊತ್ತಿಲ್ಲದ್ದು ಪಟ್ಟಿಯಲ್ಲಿ ಇರೋದೇ ಇಲ್ಲ. ಅದಕ್ಕೇ ಬರೆಯೋಕೆ ಒಂದು ಸಾಲು ಜಾಗ ಬಿಡಬೇಕು.

ಈಗ ಫಾರ್ಮ್ ಮಾಡುವಾಗ ನೋಡಬೇಕಾದ್ದು. ಸೆಟ್ಟಿಂಗ್ಸಿನಲ್ಲಿ `Collect email addresses` ಅಂತ ಇದೆ, ಅದನ್ನು `Do not collect` ಮಾಡಿ. `Limit to 1 response` ಕೂಡ ಬೇಡ. ಅದು ಹಾಕಿದರೆ ಲಾಗಿನ್ ಆಗಿ ಅನ್ನುತ್ತದೆ. ಲಾಗಿನ್ ಅಂದ ಕೂಡಲೇ ಅರ್ಧ ಜನ ವಾಪಸ್. ಯಾರೋ ಒಬ್ಬ ಎರಡು ಸಲ ತುಂಬಬಹುದು, ತುಂಬಲಿ ಬಿಡಿ, ಇದೇನು ಚುನಾವಣೆ ಅಲ್ಲ. ಕಳಿಸುವ ಮುಂಚೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಫೋನಿನಲ್ಲಿ ಜಿಮೇಲ್ ಇದ್ದರೆ ಫಾರ್ಮಿನ ಮೇಲೆ ಅವರ ಇಮೇಲ್ ಕಾಣುತ್ತೆ. ನಮಗೆ ಅದು ಬರೋದಿಲ್ಲ, ಆದರೆ ನೋಡಿದವರು ಹೆದರುತ್ತಾರೆ. ಹಾಗಾಗಿ "ಮೇಲೆ ಕಾಣುವ ಇಮೇಲ್ ನಮಗೆ ಬರುವುದಿಲ್ಲ" ಅಂತ ಮೊದಲ ಸಾಲಿನಲ್ಲೇ ಬರೆಯಿರಿ.

ಇನ್ನೊಂದು ಸಣ್ಣ ವಿಷಯ, ಇದರಲ್ಲಿ ನಾನೇ ಸಿಕ್ಕಿಬಿದ್ದಿದ್ದೇನೆ. ಉತ್ತರಗಳ ಶೀಟಿನಲ್ಲಿ ಮೊದಲ ಕಾಲಂ `Timestamp`. ಗುಂಪಿನಲ್ಲಿ ಯಾರಾದರೂ 9:14ಕ್ಕೆ "ನಾನು ತುಂಬಿದೆ 👍" ಅಂತ ಹಾಕುತ್ತಾರೆ. ಶೀಟಿನಲ್ಲಿ 9:13ಕ್ಕೆ ಒಂದು ಉತ್ತರ ಇರುತ್ತೆ. ಮುಗೀತು, ಹೆಸರು ಗೊತ್ತಾಯಿತು. ತುಂಬಿದವರು ಗುಂಪಿನಲ್ಲಿ ಹೇಳಬೇಡಿ ಅಂತ ಮೊದಲೇ ತಿಳಿಸಿ. ಶೀಟು ಒಬ್ಬರ ಹತ್ತಿರ ಮಾತ್ರ ಇರಲಿ. ಊರು, ಕೆಲಸ, ಹೆಣ್ಣೋ ಗಂಡೋ, ಇದನ್ನೂ ಕೇಳಬೇಡಿ. 94 ಜನರಲ್ಲಿ "ಹೆಣ್ಣು, ಹುಬ್ಬಳ್ಳಿ, ಬ್ಯಾಂಕು" ಅಂದರೆ ಒಬ್ಬಳೇ ಇರೋದು.

ಮತ್ತೆ, ನಿಮ್ಮದು ಎರಡು ತಿಂಗಳು ಹಳೆಯದಾಗಿದೆ. ಮೈಕು ಕೇಳಿಸ್ತಾ, ಸಾರು ಖಾರವಾ ಅಂತ ಈಗ ಕೇಳಿ ಪ್ರಯೋಜನ ಇಲ್ಲ. ಬೇಜಾರಾದ ದೊಡ್ಡ ವಿಷಯ ಮಾತ್ರ ಇನ್ನೂ ನೆನಪಿರುತ್ತೆ. ಡಿಸೆಂಬರಿನಲ್ಲಾದರೆ ಅವತ್ತು ರಾತ್ರಿಯೇ ಕಳಿಸಿ. ಮೂರನೇ ದಿನ ಒಂದೇ ಒಂದು ಸಲ ನೆನಪಿಸಿ, ಐದನೇ ದಿನ ಮುಚ್ಚಿಬಿಡಿ.

ಸಂಜೆಬಸ್ಸು

ಫಾರ್ಮ್ ತೆರೆಯೋಕೇ ಬಾರದವರು ಇರುತ್ತಾರೆ, ಗೋರಂಟಿ ಅಕ್ಕಾ. ನಮ್ಮ ಬ್ಯಾಚಿನಲ್ಲಿ ಗಾರೆ ಕೆಲಸ ಮಾಡುವವರು ಇದ್ದಾರೆ, ಹೋಟೆಲಿನಲ್ಲಿ ಇರುವವರಿದ್ದಾರೆ. ಅವರು ಬರೋದೂ ಇಲ್ಲ, ಬರೆಯೋದೂ ಇಲ್ಲ.

ಗೋರಂಟಿ

ನಿಜ. ಅವರಿಗೆ ಫೋನ್ ಮಾಡಬೇಕು. ಸಮಿತಿಯವರು ಅಲ್ಲ, ಅವರ ಪಕ್ಕದಲ್ಲಿ ಕೂರುತ್ತಿದ್ದವರು ಯಾರಾದರೂ. ಅದೇ ಮೂರನೇ ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಎಂಟು ಹತ್ತು ಜನ ಸಾಕು. ಫೋನಿನಲ್ಲಿ ಅವರು ಹೆಸರಿಲ್ಲದವರು ಆಗೋದಿಲ್ಲ, ಅದು ಕೊರತೆಯೇ. ಆದರೆ ಏನೂ ಕೇಳದೇ ಇರೋದಕ್ಕಿಂತ ವಾಸಿ.

ಕೊನೆಬೆಂಚು (ಹನ್ನೆರಡು ದಿನ ಬಿಟ್ಟು)

ಮಾಡಿದೆ. ಏನಾಯಿತು ಅಂತ ಬರೆಯುತ್ತೇನೆ, ಕೇಳಿದ್ದಕ್ಕೆ ನೀವೆಲ್ಲ ಇಷ್ಟು ಬರೆದಿದ್ದೀರಿ.

ಮಂಗಳೂರಿನಲ್ಲಿರುವ ನಮ್ಮ ಬ್ಯಾಚಿನವನೊಬ್ಬನಿಗೆ ಫಾರ್ಮ್ ಮಾಡೋಕೆ ಹೇಳಿದೆ. ಸಮಿತಿಗೂ ಅವನಿಗೂ ಸಂಬಂಧ ಇಲ್ಲ, ಅವನು ಬಂದೂ ಇರಲಿಲ್ಲ. ಲಿಂಕೂ ಅವನೇ ಹಾಕಿದ. ಐದು ದಿನದಲ್ಲಿ 37 ಉತ್ತರ. ಜೊತೆಗೆ ಅವನೂ ಇನ್ನೊಬ್ಬಳೂ ಸೇರಿ 9 ಜನಕ್ಕೆ ಫೋನ್ ಮಾಡಿದರು. ಶೀಟು ನಾನು ನೋಡಿಲ್ಲ. ಅವನು ಒಟ್ಟು ಮಾಡಿ ಒಂದು ಪುಟ ಕಳಿಸಿದ.

ಮೊದಲ ಪ್ರಶ್ನೆಗೆ 21 ಜನ ಒಂದೇ ಹೊತ್ತು ಬರೆದಿದ್ದಾರೆ: ಒಂದೂವರೆಯಿಂದ ಎರಡು. ಆಗ ಸನ್ಮಾನ ನಡೆಯುತ್ತಿತ್ತು, ಆರನೆಯ ಮೇಷ್ಟ್ರು ಮಾತಾಡುತ್ತಿದ್ದರು. ಒಬ್ಬರು ಬರೆದದ್ದು: "ಸರ್ ನೀರು ಕೇಳಿದರು, ಯಾರೂ ನೋಡಲಿಲ್ಲ." ಎಂಬತ್ತು ದಾಟಿದ ಮೇಷ್ಟ್ರು ಬೆಳಗ್ಗೆಯಿಂದ ವೇದಿಕೆ ಮೇಲೆ ಕೂತೇ ಇದ್ದರು. ಬೇಸತ್ತವರು ನಾವು ಮಾತ್ರ ಅಲ್ಲ ಅಂತ ಆಗ ಹೊಳೆಯಿತು.

ಎರಡನೆಯದಕ್ಕೆ ಜಾಸ್ತಿ ಜನ ಬರೆದದ್ದು ನೆನಪಿನ ಕಾಣಿಕೆ. ತಲೆಗೊಂದು ಗಾಜಿನ ಫಲಕ ಮಾಡಿಸಿದ್ದೆವು, 350 ರೂಪಾಯಿ. 1200ರಲ್ಲಿ 350! ಅದೇ ಚೆಂದ ಅಂತ ನಾವು ಏಳು ಜನ ಅಂದುಕೊಂಡಿದ್ದೆವು.

ಮೂರನೆಯದರಲ್ಲಿ ದುಡ್ಡು ಅಂತ 8 ಜನ, ಬಸ್ಸು ಮತ್ತು ಹೊತ್ತು ಅಂತ 14 ಜನ. ಆಮೇಲೆ ಫೋನಿನಲ್ಲಿ ಮೂರು ಜನ ಒಂದೇ ಮಾತು ಹೇಳಿದ್ದಾರೆ. ಫಾರ್ಮಿನಲ್ಲೂ ಇಬ್ಬರು ಬರೆದಿದ್ದಾರೆ. ಗುಂಪಿನಲ್ಲಿ ಯಾರು ಎಷ್ಟು ಕೊಟ್ಟರು ಅಂತ ದಿನಾ ಪಟ್ಟಿ ಹಾಕುತ್ತಿದ್ದರಲ್ಲ, ಐದು ಸಾವಿರ ಕೊಟ್ಟವರ ಹೆಸರು ಮೇಲೆ, ಕೊಡದವರ ಹೆಸರಿನ ಮುಂದೆ ಖಾಲಿ. ಅದನ್ನು ನೋಡಿ ಬರಲಿಲ್ಲ ಅಂತ.

ಆ ಪಟ್ಟಿ ಹಾಕುತ್ತಿದ್ದವನು ನಾನೇ. ಲೆಕ್ಕ ಪಾರದರ್ಶಕವಾಗಿರಲಿ ಅಂತ ಹಾಕಿದ್ದೆ. ಎರಡು ದಿನ ಯಾರ ಹತ್ತಿರವೂ ಮಾತಾಡೋಕೆ ಮನಸ್ಸಾಗಲಿಲ್ಲ.

ಲೆಕ್ಕದಮೇಷ್ಟ್ರು

ಐದೇ ಜನ ಹೇಳಿದ್ದು. 37 ಮತ್ತು 9 ಸೇರಿ 46ರಲ್ಲಿ 5. ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ.

ಸಂಜೆಬಸ್ಸು

ಮೇಷ್ಟ್ರೇ, ಇಂಥದ್ದನ್ನು ಬಾಯಿಬಿಟ್ಟು ಹೇಳಿದವರು ಐದು ಜನ. ಇಲ್ಲಿ ಭಾಗಾಕಾರ ನಡೆಯೋದಿಲ್ಲ.

ಗೋರಂಟಿ

ನಾನೂ ಸಂಜೆಬಸ್ಸು ಪಕ್ಷ. ಹೊತ್ತಿನ ವಿಷಯಕ್ಕೆ ಎಣಿಕೆ ನೋಡಬೇಕು, ಇಪ್ಪತ್ತೊಂದು ಜನ ಹೇಳಿದರು ಅನ್ನೋದಕ್ಕೆ ಬೆಲೆ ಇದೆ. ಯಾರಾದರೂ ಮನಸ್ಸು ನೊಂದು ಹೊರಗೆ ಉಳಿದರು ಅಂದರೆ ಒಂದೇ ಉತ್ತರ ಬಂದರೂ ಸಾಕು.

ಕೊನೆಬೆಂಚು, ಈಗ ಬಿಡಬಾರದ ಕೆಲಸ ಒಂದಿದೆ. ಕೇಳಿದ್ದು ಏನು, ಬದಲಾಯಿಸೋದು ಏನು, ಬದಲಾಯಿಸದೇ ಇರೋದು ಏನು ಅಂತ ವಾರದೊಳಗೆ ಗುಂಪಿನಲ್ಲಿ ಹಾಕಿ. ನಾಲ್ಕೈದು ಸಾಲು ಸಾಕು. ಸಮರ್ಥನೆ ಬೇಡ. ಹಾಕದೇ ಇದ್ದರೆ ಡಿಸೆಂಬರಿನಲ್ಲಿ ನೀವು ಕೇಳಿದಾಗ ಮತ್ತೆ ಚಪ್ಪಾಳೆಯೇ ಬರೋದು.

ಕೊನೆಬೆಂಚು

ನಿನ್ನೆ ಹಾಕಿದೆ. ಹೀಗೆ:

"ಉತ್ತರ ಕೊಟ್ಟವರಿಗೆಲ್ಲ ವಂದನೆ. ಡಿಸೆಂಬರಿನಲ್ಲಿ ಹತ್ತೂವರೆಗೆ ಶುರು, ಒಂದು ಗಂಟೆಗೆ ಊಟ. ಮೊದಲು ಊಟ, ಉಳಿದ ಮಾತು ಆಮೇಲೆ. ಫಲಕ ಇಲ್ಲ, ತಲೆಗೆ 600. ಕೊಡೋಕೆ ಆಗದವರು ಸುಮ್ನೆ ಬನ್ನಿ. ದುಡ್ಡಿನ ಪಟ್ಟಿ ಗುಂಪಿನಲ್ಲಿ ಹಾಕುವುದಿಲ್ಲ. ಹೋದ ಸಲ ಹಾಕಿದ್ದು ನನ್ನ ತಪ್ಪು. ಲೆಕ್ಕದ ಪುಸ್ತಕ ಅವತ್ತು ಬಾಗಿಲ ಹತ್ತಿರ ಇರುತ್ತೆ, ಬೇಕಾದವರು ನೋಡಬಹುದು. ಮೇಷ್ಟ್ರುಗಳನ್ನು ಕರೆಯುತ್ತೇವೆ, ಅದು ಬದಲಾಗುವುದಿಲ್ಲ."

ಸಮಿತಿಯಲ್ಲಿ ಒಬ್ಬನಿಗೆ ಸಿಟ್ಟು ಬಂದಿದೆ. "ಗುರುಗಳು ಮಾತಾಡಬಾರದು ಅಂತಾರಾ?" ಅಂತ ಕೂಗಾಡಿದ. ಇಬ್ಬರು ಮೇಷ್ಟ್ರು ಮಾತ್ರ ಮಾತಾಡಲಿ ಅಂತ ಕೆಲವರು. ಹಾಗಾದರೆ ಉಳಿದ ಒಂಬತ್ತು ಜನರಿಗೆ ಬೇಜಾರಾಗಲ್ವಾ ಅಂತ ಇನ್ನು ಕೆಲವರು. ಇದು ಇನ್ನೂ ತೀರ್ಮಾನ ಆಗಿಲ್ಲ.

ಹಳೆರೇಡಿಯೊ

ಪಟ್ಟಿಯ ವಿಷಯ ಒಪ್ಪಿಕೊಂಡದ್ದು ನನಗೆ ಹಿಡಿಸಿತು. ಮಿಕ್ಕದ್ದರಲ್ಲಿ ನನ್ನ ಮಾತು ಬದಲಾಗಿಲ್ಲ. ನಿಮಗೆ ಕುಹಕ ಬರಲಿಲ್ವಾ?

ಕೊನೆಬೆಂಚು

ಎರಡು ಬಂದಿದೆಯಂತೆ. ಮಂಗಳೂರಿನವನು ಏನು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕು ಅಂತ ಮಾತ್ರ ತುಂಬಾ ಅನ್ನಿಸುತ್ತಿದೆ.

ಸಂಜೆಬಸ್ಸು

ಕೇಳಬೇಡಿ.

ನಿಮ್ಮೂರಿಂದ ಮೂರು ಗಂಟೆ ಬಸ್ಸು ಇದೆಯಾ ಅಂತ ಒಂದು ಸಲ ನಿಲ್ದಾಣದಲ್ಲಿ ವಿಚಾರಿಸಿ. ನಮ್ಮ ಕಡೆ ವೇಳಾಪಟ್ಟಿ ಆಗಾಗ ಬದಲಾಗುತ್ತೆ.

ಅಡಿಕೆತೋಟ

ಒಂದು ಗಂಟೆಗೆ ಸರಿಯಾಗಿ ಎಲೆ ಹಾಕಬೇಕು ಅಂದರೆ ಭಟ್ಟರಿಗೆ ಹನ್ನೆರಡೂವರೆ ಅಂತ ಹೇಳಿ. ಊರು ಯಾವುದು ಅಂತ ನೀವು ಇನ್ನೂ ಹೇಳಲಿಲ್ಲ.